240 ಪುಟಕ್ಕೆ 60 ಗಂಟೆ ಅಂದುಕೊಂಡೆ, 97 ಆಯಿತು. ಮುಂದಿನ ಪುಸ್ತಕಕ್ಕೆ ಎಷ್ಟು ಹೇಳಲಿ?

ಕಾಗುಣಿತ:
240 ಪುಟದ ಪುಸ್ತಕದ ಪುಟವಿನ್ಯಾಸಕ್ಕೆ ಪುಟಕ್ಕೆ 100ರಂತೆ 24,000 ರೂಪಾಯಿ ಹೇಳಿದ್ದೆ. 60 ಗಂಟೆ ಹಿಡಿಯುತ್ತದೆ, ಗಂಟೆಗೆ 400 ಸಿಗುತ್ತದೆ ಅನ್ನುವ ಲೆಕ್ಕ. ಮೊದಲ ಸಲ ಟೈಮರ್ ಹಾಕಿಕೊಂಡು ಕೆಲಸ ಮಾಡಿದೆ, 97 ಗಂಟೆ ಆಯಿತು. ಗಂಟೆಗೆ 247 ರೂಪಾಯಿ ಬಿತ್ತು. ಮುಂದಿನ ವಾರ 300 ಪುಟದ ಇನ್ನೊಂದು ಪುಸ್ತಕಕ್ಕೆ ಕೊಟೇಶನ್ ಕೊಡಬೇಕು. ಎಷ್ಟು ಹೇಳಲಿ?

ಹಳೇಪ್ರೆಸ್:
97ನ್ನು 60ರಿಂದ ಭಾಗಿಸಿ, 1.6 ಬರುತ್ತದೆ. ಪುಟಕ್ಕೆ 160 ಹೇಳಿ. 300 ಪುಟಕ್ಕೆ 48,000. ಮುಗೀತು.

ಅಚ್ಚುಮೊಳೆ:
ಮುಗಿಯಲಿಲ್ಲ ಸರ್. ಆ 1.6 ಎಲ್ಲಿಂದ ಬಂತು ಅಂತ ಗೊತ್ತಾಗದೆ ಗುಣಿಸಿದರೆ ಈ ಪುಸ್ತಕದ ತೊಂದರೆಯನ್ನೆಲ್ಲ ಮುಂದಿನ ಲೇಖಕರ ತಲೆಗೆ ಕಟ್ಟಿದ ಹಾಗೆ. ಕಾಗುಣಿತ ಅವರೇ, ಯಾವ ಹಂತಕ್ಕೆ ಎಷ್ಟು ಗಂಟೆ ಅಂತ ಬೇರೆ ಬೇರೆ ಬರೆದಿದ್ದೀರಾ? ಮೊದಲು ಅಂದಾಜು ಮಾಡಿದ್ದೂ ಹಂತವಾರು ಇದೆಯಾ?

ಕಾಗುಣಿತ:
ಇದೆ. ಹಸ್ತಪ್ರತಿಯನ್ನು ಹಳೆಯ ನುಡಿ ಫಾಂಟ್‌ನಿಂದ ಯೂನಿಕೋಡ್‌ಗೆ ತಂದು ಸರಿ ಮಾಡೋದಕ್ಕೆ 6 ಅಂದುಕೊಂಡಿದ್ದೆ, 14 ಆಯಿತು. ಪುಟ ಕಟ್ಟಲು 30 ಅಂದುಕೊಂಡಿದ್ದೆ, 31. ಮೊದಲ ಪ್ರೂಫ್ ತಿದ್ದಲು 14 ಅಂದುಕೊಂಡಿದ್ದೆ, 15. ಎರಡು ಮತ್ತು ಮೂರನೇ ಪ್ರೂಫ್ ಸೇರಿ 4 ಅಂದುಕೊಂಡಿದ್ದೆ, 22! ಮುಖಪುಟ ಮತ್ತು ಪ್ರೆಸ್‌ಗೆ ಪಿಡಿಎಫ್ 6 ಅಂದಿದ್ದೆ, 6 ಗಂಟೆಯಲ್ಲೇ ಮುಗಿಯಿತು. ಲೇಖಕರ ಜೊತೆ ಫೋನು, ವಾಟ್ಸಾಪ್ ಮಾತುಕತೆ 9 ಗಂಟೆ. ಅದನ್ನು ಅಂದಾಜಿನಲ್ಲಿ ಸೇರಿಸಿಯೇ ಇರಲಿಲ್ಲ.

ಅಚ್ಚುಮೊಳೆ:
ನೋಡಿ, ನಿಮ್ಮ ಅಂದಾಜು ಅಷ್ಟೇನೂ ಕೆಟ್ಟದ್ದಲ್ಲ. ಪುಟ ಕಟ್ಟುವುದು, ಮೊದಲ ಪ್ರೂಫ್, ಪಿಡಿಎಫ್ ಮೂರೂ ಹೆಚ್ಚುಕಡಿಮೆ ಸರಿ ಇವೆ. 37 ಗಂಟೆ ಜಾಸ್ತಿಯಾಗಿದ್ದರಲ್ಲಿ 35 ಗಂಟೆ ಮೂರೇ ಕಡೆ ಹೋಗಿದೆ: ಕನ್ವರ್ಶನ್, ಕೊನೆಯ ಪ್ರೂಫ್‌ಗಳು, ಮಾತುಕತೆ. ಈ ಮೂರೂ ಪುಟದ ಲೆಕ್ಕಕ್ಕಿಂತ ಹಸ್ತಪ್ರತಿ ಮತ್ತು ಲೇಖಕರ ಮೇಲೆ ನಿಂತಿವೆ. ಅದಕ್ಕೇ ಪುಟದ ದರವನ್ನು ಗುಣಿಸಬೇಡಿ ಅಂದದ್ದು.

ಹಳೇಪ್ರೆಸ್:
ಕನ್ವರ್ಶನ್‌ಗೆ 14 ಗಂಟೆಯಾ? ಕನ್ವರ್ಟರ್‌ಗೆ ಹಾಕಿದರೆ ಒಂದು ನಿಮಿಷದಲ್ಲಿ ಬರುತ್ತದೆ. ಜಾಸ್ತಿ ಅಂದರೆ ಅರ್ಧ ಗಂಟೆ. ನಾನು 20 ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಇಲ್ಲಿ ತಪ್ಪಿರುವುದು ಅಂದಾಜಲ್ಲ, ಕೆಲಸದ ವೇಗ.

ಕಾಗುಣಿತ:
ವೇಗದ ಮಾತು ಬೇಡ ಸರ್. ಕನ್ವರ್ಟ್ ಆಗಲು ನಿಮಿಷವೂ ಬೇಡ, ನಿಜ. ಆಮೇಲೆ? ‘ಸಾಫ್ಟ್‌ವೇರ್’ ಇದ್ದಲ್ಲಿ ‘ಸಾಫ್ಟ್ವೇರ್’ ಆಗಿತ್ತು. ‘ರ‍್ಯಾಂಕ್’ ಅನ್ನುವುದು ‘ರ್ಯಾಂಕ್’ ಆಗಿತ್ತು. ಅಡಿಟಿಪ್ಪಣಿಯಲ್ಲಿದ್ದ ಇಂಗ್ಲಿಷ್ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿದ್ದವು. ಒಂದೊಂದನ್ನೂ ಮೂಲದ ಜೊತೆ ಇಟ್ಟು ನೋಡಬೇಕಾಯಿತು.

ಹಳೇಪ್ರೆಸ್:
ಇಂಗ್ಲಿಷ್ ಅಕ್ಷರ ಕೆಡುತ್ತದೆ ಅಂತ ಗೊತ್ತಿದ್ದೂ ಇಡೀ ಫೈಲನ್ನು ಒಟ್ಟಿಗೆ ಹಾಕಿದ್ದು ಯಾಕೆ? ನುಡಿ ಫಾಂಟ್ ಇರುವ ಭಾಗವನ್ನು ಮಾತ್ರ ಆರಿಸಿ ಹಾಕಬೇಕು. ನಾನು ಹಾಗೇ ಮಾಡುತ್ತೇನೆ.

ಅಚ್ಚುಮೊಳೆ:
ಅದು ಒಳ್ಳೆಯ ದಾರಿ, ಒಪ್ಪುತ್ತೇನೆ. ಆದರೆ ಆರಿಸುವ ಹೊತ್ತೂ ಹೊತ್ತೇ ಅಲ್ವಾ? ನಿಮ್ಮ ಅರ್ಧ ಗಂಟೆಯಲ್ಲಿ ಅದು ಸೇರಿದೆಯಾ? ಯಾವತ್ತಾದರೂ ಗಡಿಯಾರ ನೋಡಿ ಬರೆದಿಟ್ಟಿದ್ದೀರಾ?

ಹಳೇಪ್ರೆಸ್:
ಬರೆದಿಡುವುದು ಯಾಕೆ? ನನ್ನ ಕೆಲಸ ನನಗೆ ಗೊತ್ತಿಲ್ಲವಾ?

ಅಚ್ಚುಮೊಳೆ:
ನಾನೂ ಹೀಗೇ ಹೇಳುತ್ತಿದ್ದೆ. ‘ಎರಡು ಗಂಟೆ ಕೆಲಸ’ ಅಂತ ನಂಬಿದ್ದ ಕನ್ವರ್ಶನ್, ಟೈಮರ್ ಹಾಕಿದ ದಿನ 9 ಗಂಟೆ ಆಗಿತ್ತು. ನೆನಪಿನಲ್ಲಿ ಉಳಿಯುವುದು ಗುಂಡಿ ಒತ್ತಿದ ಕ್ಷಣ. ಆಮೇಲೆ ನಾಲ್ಕು ದಿನ ಮಧ್ಯೆ ಮಧ್ಯೆ ಒತ್ತಕ್ಷರ ತಿದ್ದಿದ್ದು ‘ಪುಟ ಕಟ್ಟುವ’ ಲೆಕ್ಕಕ್ಕೆ ಹೋಗಿಬಿಡುತ್ತದೆ.

ಹಳೇಪ್ರೆಸ್:
ನಿಮಗೆ 9 ಗಂಟೆ ಆಯಿತು ಅಂತ ಎಲ್ಲರಿಗೂ ಆಗಬೇಕಾ? ಒಳ್ಳೆಯ ಕನ್ವರ್ಟರ್ ‘ಸಾಫ್ಟ್‌ವೇರ್’ ಅನ್ನು ಕೆಡಿಸುವುದಿಲ್ಲ. ಹತ್ಯಾರ ಸರಿಯಿಲ್ಲದವರು ಗಡಿಯಾರದ ಮಾತಾಡುತ್ತಾರೆ.

ವಿಡಿಯೊ_ಸಂತು:
ನನ್ನದೂ ಇದೇ ಕಥೆ. ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಕಂಪ್ಯೂಟರ್ ತಾನೇ ವಿಡಿಯೊ ರೆಂಡರ್ ಮಾಡುತ್ತಿದ್ದಾಗ ರಾತ್ರಿಯಿಡೀ ಟೈಮರ್ ಓಡುತ್ತಿತ್ತು, 11 ಗಂಟೆ ತೋರಿಸಿತು. ಅದನ್ನೂ ಸೇರಿಸಿ ಬಿಲ್ ಕಳಿಸಿದೆ, ಗಿರಾಕಿ ಜಗಳಕ್ಕೇ ಬಂದರು. ಟೈಮರ್ ನಂಬಿದರೆ ಗಿರಾಕಿ ಕಳೆದುಕೊಳ್ಳುತ್ತೀರಿ.

ಅಚ್ಚುಮೊಳೆ:
ಸಂತು, ಇಲ್ಲಿನ ಪ್ರಶ್ನೆ ಬಿಲ್ ಬಗ್ಗೆ ಅಲ್ಲ. ಗಿರಾಕಿಗೆ ಗಂಟೆ ತೋರಿಸಲೇಬೇಕು ಅಂತಿಲ್ಲ, ಇದು ಮುಂದಿನ ಅಂದಾಜಿಗೆ ನಮ್ಮ ಕೈಪುಸ್ತಕ. ಆದರೆ ನಿಮ್ಮ ಮಾತಿನಲ್ಲಿ ಒಂದು ವಿಷಯ ಇದೆ. ನಿಲ್ಲಿಸಲು ಮರೆತ ಟೈಮರ್ ಇಡೀ ಲೆಕ್ಕ ಕೆಡಿಸುತ್ತದೆ. ಟೈಮರ್ ಪಟ್ಟಿಯ ಒಂದೇ ಸಾಲಿನಲ್ಲಿ ಮೂರು ಗಂಟೆಗಿಂತ ಜಾಸ್ತಿ ಕಂಡರೆ ನಾನು ಅವತ್ತೇ ಅನುಮಾನ ಪಡುತ್ತೇನೆ. ಊಟಕ್ಕೆ ಎದ್ದಿರುತ್ತೇನೆ, ಅಷ್ಟೇ.

ಹಳೇಪ್ರೆಸ್:
‘ಲೆಕ್ಕ ಕೆಡಿಸುತ್ತದೆ’ ಅಂತ ನೀವೇ ಒಪ್ಪಿಕೊಂಡಿರಿ. ಹಾಗಾದರೆ ಆ 14 ಗಂಟೆಯಲ್ಲಿ ಊಟ ಎಷ್ಟು?

ಕಾಗುಣಿತ:
ಈಗ ತಾನೇ ನೋಡಿದೆ. ಕನ್ವರ್ಶನ್‌ನ ಸಾಲುಗಳಲ್ಲಿ ಎರಡು ಗಂಟೆ ದಾಟಿದ್ದು ಒಂದೂ ಇಲ್ಲ. ನಿಮಗೆ ನಂಬಿಕೆ ಇಲ್ಲದಿದ್ದರೆ ಬಿಡಿ. ನನ್ನ ದುಡ್ಡು ಹೋಗಿದ್ದು ನನಗೆ ಗೊತ್ತು. ಅಚ್ಚುಮೊಳೆ ಅವರೇ, ಹೊಸ ಹಸ್ತಪ್ರತಿ ಯೂನಿಕೋಡ್‌ನಲ್ಲೇ ಇದೆ. ಹೇಗೆ ಲೆಕ್ಕ ಹಾಕಲಿ?

ಅಚ್ಚುಮೊಳೆ:
ಪುಟದ ಜೊತೆ ಬೆಳೆಯುವ ಎರಡನ್ನು ಮಾತ್ರ 240ರಿಂದ 300ಕ್ಕೆ ಏರಿಸಿ. ಪುಟ ಕಟ್ಟಲು 39, ಮೊದಲ ಪ್ರೂಫ್‌ಗೆ 19 ಗಂಟೆ. ಪಠ್ಯ ಸರಿ ಮಾಡಲು ಎಷ್ಟು ಬೇಕು ಅಂತ ಊಹಿಸಬೇಡಿ. ಪುಸ್ತಕದ ಬೇರೆ ಬೇರೆ ಕಡೆಯಿಂದ 20 ಪುಟ ತೆಗೆದು ಟೈಮರ್ ಹಾಕಿ ನೋಡಿ. ಮುಖಪುಟ, ಪಿಡಿಎಫ್ ಅದೇ 6. ಮಾತುಕತೆಗೆ ಅದೇ 9 ಇಟ್ಟುಕೊಳ್ಳಿ, ಅದು ಪುಟದ ಮೇಲಲ್ಲ, ಲೇಖಕರ ಮೇಲೆ ನಿಂತಿದೆ. ಇನ್ನು ಕೊನೆಯ ಪ್ರೂಫ್‌ಗಳು. ಒಟ್ಟು ಎಷ್ಟು ತಿದ್ದುಪಡಿ ಬಂದವು?

ಕಾಗುಣಿತ:
ಪ್ರೂಫ್ ಹಾಳೆ ಎಣಿಸಿದೆ. ಎರಡೂ ಸೇರಿ ಸುಮಾರು 1,100. ಅರ್ಧಕ್ಕಿಂತ ಜಾಸ್ತಿ ಲೇಖಕರು ವಾಕ್ಯವನ್ನೇ ಬದಲಾಯಿಸಿದ್ದು. ಹೊಸ ಹಸ್ತಪ್ರತಿಯ 20 ಪುಟ ಸರಿ ಮಾಡಿ ನೋಡಿದೆ, 12 ನಿಮಿಷ ಹಿಡಿಯಿತು.

ಅಚ್ಚುಮೊಳೆ:
ಹಾಗಾದರೆ ಪಠ್ಯಕ್ಕೆ 3 ಗಂಟೆ. ತಿದ್ದುಪಡಿಗೆ 22 ಗಂಟೆ ಅಂದರೆ ಒಂದಕ್ಕೆ 1.2 ನಿಮಿಷ. ಕೊಟೇಶನ್‌ನಲ್ಲಿ 600 ತಿದ್ದುಪಡಿ ಸೇರಿದೆ ಅಂತ ಬರೆಯಿರಿ, ಅದಕ್ಕೆ 12 ಗಂಟೆ. ಅದರ ಮೇಲೆ ಬಂದರೆ ಬೇರೆ ದರ. ನಿಮ್ಮ ಟೈಪಿಂಗ್ ತಪ್ಪು ಈ ಎಣಿಕೆಗೆ ಬರಬಾರದು. ಒಟ್ಟು 88 ಗಂಟೆ, 400ರಂತೆ 35,200. ಪುಟಕ್ಕೆ 117. ಇದೇ ಹಸ್ತಪ್ರತಿ ನುಡಿಯಲ್ಲಿ ಬಂದಿದ್ದರೆ ಸುಮಾರು 6,000 ಜಾಸ್ತಿ ಆಗುತ್ತಿತ್ತು.

ಹಳೇಪ್ರೆಸ್:
ಒಂದೇ ಪುಸ್ತಕ ನೋಡಿ 1.2 ನಿಮಿಷ ಅಂತ ಶಾಸನ ಬರೆದುಬಿಟ್ಟಿರಿ! ಕಾಮಾ ಹಾಕುವುದೂ ಒಂದು ತಿದ್ದುಪಡಿ, ಒಂದು ಪ್ಯಾರಾ ಸೇರಿಸಿ ಹತ್ತು ಪುಟ ಜರುಗುವುದೂ ಒಂದು ತಿದ್ದುಪಡಿ. ಎರಡೂ ಒಂದೇನಾ? ಮತ್ತೆ ಲೇಖಕರ ಮುಂದೆ ತಿದ್ದುಪಡಿ ಎಣಿಸುತ್ತಾ ಕೂತರೆ ಯಾರು ಕೆಲಸ ಕೊಡುತ್ತಾರೆ?

ಅಚ್ಚುಮೊಳೆ:
ಪುಟ ಜರುಗುವ ತಿದ್ದುಪಡಿಯನ್ನು ಬೇರೆ ಬರೆದಿಡಬೇಕು, ಆ ಮಾತು ಸರಿ. ಮೂರ್ನಾಲ್ಕು ಪುಸ್ತಕ ಆಗುವವರೆಗೆ ಈ 1.2 ಗಟ್ಟಿಯಲ್ಲ, ಅದೂ ಸರಿ. ಆದರೂ 48,000ಕ್ಕಿಂತ ಇದಕ್ಕೆ ಆಧಾರ ಇದೆ.

ಹಳೇಪ್ರೆಸ್:
48,000 ಹೇಳಿದ್ದು ಚೌಕಾಸಿಗೆ ಜಾಗ ಇರಲಿ ಅಂತ. ಅದು ನಿಮಗೆ ತಿಳಿಯುವುದಿಲ್ಲ.

ಕಾಗುಣಿತ:
35,200 ಅಂತ ಕಳಿಸುತ್ತಿದ್ದೇನೆ. 600 ತಿದ್ದುಪಡಿಯ ಷರತ್ತೂ ಹಾಕಿದ್ದೇನೆ. ಅದಕ್ಕಿಂತ ಜಾಸ್ತಿಯಾದರೆ ಒಂದೊಂದಕ್ಕೆ ದರ ಹೇಳಲೋ, ಗಂಟೆಗೆ ಹೇಳಲೋ ಅಂತ ಇನ್ನೂ ಗೊತ್ತಾಗಿಲ್ಲ.

ವಿಡಿಯೊ_ಸಂತು:
ರೆಂಡರ್ ಸಮಯ ಸೇರಿಸಬೇಕಾ ಬೇಡವಾ, ಯಾರೂ ಹೇಳಲಿಲ್ಲ.