ಇಡೀ ತರಗತಿಗೆ 20 ಮೀಟರ್ ಶಟಲ್ ಓಟ: ಫಲಿತಾಂಶವನ್ನು ಹೇಗೆ ಓದಬೇಕು?

ಪ್ರಶ್ನೆ (ಪ್ರೌಢಶಾಲೆಯ ದೈಹಿಕ ಶಿಕ್ಷಕರು, ಹಾವೇರಿ ಜಿಲ್ಲೆ): 8ನೇ ತರಗತಿಯ 46 ಮಕ್ಕಳಿಗೆ ಬೀಪ್ ಸದ್ದಿನ 20 ಮೀಟರ್ ಶಟಲ್ ಓಟದ ಪರೀಕ್ಷೆ ನಡೆಸಬೇಕಾಗಿದೆ. ಮಣ್ಣಿನ ಮೈದಾನ, 40 ನಿಮಿಷದ ಒಂದು ಅವಧಿ, ನಾನೊಬ್ಬನೇ ಶಿಕ್ಷಕ. ಹಿಂದೊಮ್ಮೆ ಮಾಡಿದಾಗ ಒಬ್ಬ ಹುಡುಗಿ ನಿಂತ ಕೂಡಲೇ ಅವಳ ಗೆಳತಿಯರೆಲ್ಲ ನಿಂತುಬಿಟ್ಟರು. ಬಂದ ಸುತ್ತುಗಳನ್ನು 10 ಅಂಕಕ್ಕೆ ಇಳಿಸಿ ಶ್ರೇಣಿ ಕೊಡುವುದು ನ್ಯಾಯವೇ?

ಉತ್ತರ (ದೈಹಿಕ ಶಿಕ್ಷಣ ಕಾಲೇಜಿನ ಉಪನ್ಯಾಸಕಿ): ಸರ್, ಮೊದಲು ನಡೆಸುವ ಕ್ರಮವನ್ನು ಹೇಳುತ್ತೇನೆ, ಏಕೆಂದರೆ ಅನ್ಯಾಯದ ಅರ್ಧ ಭಾಗ ಅಲ್ಲಿಯೇ ಹುಟ್ಟುತ್ತದೆ.

ಎರಡು ಗೆರೆಗಳ ನಡುವಿನ 20 ಮೀಟರನ್ನು ಹೆಜ್ಜೆಯಿಂದಲ್ಲ, ಟೇಪಿನಿಂದಲೇ ಅಳೆದು, ಹಿಂದಿನ ಸಂಜೆಯೇ ಸುಣ್ಣದ ಪುಡಿ ಹಾಕಿಸಿಡಿ. ಜಾಗ ಸಾಲದೆಂದು 15 ಮೀಟರಿಗೆ ಇಳಿಸಿ 20 ಮೀಟರಿನ ಧ್ವನಿಮುದ್ರಣವನ್ನೇ ಬಳಸಿದರೆ ಮಕ್ಕಳು ಓಡಬೇಕಾದ ವೇಗ ಮುಕ್ಕಾಲಕ್ಕೆ ಇಳಿಯುತ್ತದೆ, ಎಲ್ಲರೂ ಗಟ್ಟಿಗರಾಗಿಯೇ ಕಾಣುತ್ತಾರೆ. ಧ್ವನಿಮುದ್ರಣವನ್ನೂ ಕೈಗಡಿಯಾರ ಹಿಡಿದು ಒಮ್ಮೆ ಪರೀಕ್ಷಿಸಿ. ಸಾಮಾನ್ಯ ಕ್ರಮದಲ್ಲಿ ವೇಗ ಗಂಟೆಗೆ 8.5 ಕಿಲೋಮೀಟರಿನಿಂದ ಆರಂಭವಾಗಿ ಪ್ರತಿ ನಿಮಿಷಕ್ಕೆ 0.5ರಷ್ಟು ಏರುತ್ತದೆ, ಆದ್ದರಿಂದ ಮೊದಲ ಹಂತದಲ್ಲಿ ಎರಡು ಬೀಪ್‌ಗಳ ನಡುವೆ ಸುಮಾರು ಎಂಟೂವರೆ ಸೆಕೆಂಡು ಇರಬೇಕು. ಕೆಲವು ಮುದ್ರಣಗಳು 8ರಿಂದ ಆರಂಭವಾಗಿ ಎರಡನೆಯ ನಿಮಿಷದಲ್ಲಿ 9ಕ್ಕೆ ಜಿಗಿಯುತ್ತವೆ. ಯಾವುದನ್ನಾದರೂ ಬಳಸಬಹುದು, ಆದರೆ ವರ್ಷವಿಡೀ ಅದನ್ನೇ ಬಳಸಬೇಕು.

ತರಗತಿಯನ್ನು ಎರಡು ತಂಡ ಮಾಡಿ, ಓಡುವ ಪ್ರತಿಯೊಬ್ಬರಿಗೂ ಇನ್ನೊಂದು ತಂಡದಿಂದ ಒಬ್ಬ ಎಣಿಕೆಗಾರನನ್ನು ಕೊಡಿ. ಅವನು ಕೈಯಲ್ಲಿ ಚೀಟಿ ಹಿಡಿದು ಪ್ರತಿ ಸುತ್ತಿಗೂ ಒಂದು ಗೆರೆ ಎಳೆಯಲಿ. ಗೆಳತಿಗೆ ಗೆಳತಿಯೇ ಎಣಿಕೆಗಾರಳಾಗದಂತೆ ಮತ್ತು ಒಂದು ಗುಂಪಿನ ಗೆಳತಿಯರು ಒಂದೇ ತಂಡದಲ್ಲಿ ಅಕ್ಕಪಕ್ಕ ಓಡದಂತೆ ಹಂಚಿದರೆ ನೀವು ಹೇಳಿದ ಸಾಮೂಹಿಕ ನಿಲುಗಡೆ ಬಹುಮಟ್ಟಿಗೆ ತಪ್ಪುತ್ತದೆ. ಬೀಪ್ ಆಗುವಷ್ಟರಲ್ಲಿ ಒಂದು ಕಾಲಾದರೂ ಗೆರೆಯನ್ನು ಮುಟ್ಟಿರಬೇಕು, ಮುಂಚೆ ತಲುಪಿದವರು ಅಲ್ಲಿಯೇ ಕಾಯಬೇಕು. ಮೊದಲ ನಿಮಿಷದಲ್ಲಿ ಬೀಪ್ ಮರೆತು ನಾಗಾಲೋಟ ಹೂಡುವ ಹುಡುಗರೇ ಮೂರನೆಯ ನಿಮಿಷದಲ್ಲಿ ಕುಸಿಯುತ್ತಾರೆ. ಅದು ಶ್ವಾಸ-ಹೃದಯದ ದೌರ್ಬಲ್ಯವಲ್ಲ, ಓಟದ ಗತಿಯ ಅರಿವಿಲ್ಲದಿರುವುದು. ಆದಕಾರಣ ಮೊದಲ ಓಟವನ್ನು ಅಭ್ಯಾಸವೆಂದೇ ಘೋಷಿಸಿ ಅದರ ಅಂಕವನ್ನು ಬದಿಗಿಡುವುದು ಲೇಸು. ಯಾವಾಗ ನಿಲ್ಲಿಸಬೇಕೆಂಬ ನಿಯಮವೂ ಮೊದಲೇ ನಿಶ್ಚಯವಾಗಿರಲಿ. ಸತತ ಎರಡು ಬಾರಿ ತಪ್ಪಿದರೆ ನಿಲ್ಲಿಸುವ ಪದ್ಧತಿಯೂ ಇದೆ, ಒಟ್ಟು ಎರಡು ಬಾರಿ ತಪ್ಪಿದರೆ ನಿಲ್ಲಿಸುವ ಪದ್ಧತಿಯೂ ಇದೆ. ಎರಡನ್ನು ಬೆರೆಸಿದರೆ ಹೋಲಿಕೆಗೆ ಅರ್ಥ ಉಳಿಯುವುದಿಲ್ಲ.

ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರನ್ನು, ಈಚೆಗೆ ಜ್ವರದಿಂದ ಎದ್ದವರನ್ನು ವೈದ್ಯರ ಒಪ್ಪಿಗೆಯಿಲ್ಲದೆ ಓಡಿಸಬೇಡಿ. ಬಿಸಿಯೂಟದ ನಂತರದ ಅವಧಿಯಂತೂ ಬೇಡವೇ ಬೇಡ.

ಪ್ರತಿಕ್ರಿಯೆ (ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕರು): ಇಷ್ಟೆಲ್ಲ ಏಕೆ ಬೇಕು ಮೇಡಂ? ನಮ್ಮಲ್ಲಿ 10 ಮೀಟರ್ ಅಂತರದಲ್ಲಿ ಎರಡು ಮರದ ತುಂಡುಗಳನ್ನಿಟ್ಟು, ನಾಲ್ಕು ಬಾರಿ ಓಡಿ ಅವನ್ನು ತರುವುದಕ್ಕೆ ಹಿಡಿದ ಸಮಯವನ್ನು ಬರೆದುಕೊಳ್ಳುತ್ತೇವೆ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಉಪನ್ಯಾಸಕಿ: ಸರ್, ಅದಕ್ಕೂ ಶಟಲ್ ಓಟವೆಂದೇ ಹೆಸರಿದ್ದರೂ ಅದು ಅಳೆಯುವುದು ಚುರುಕುತನವನ್ನು. ಹತ್ತು ಹನ್ನೆರಡು ಸೆಕೆಂಡಿನಲ್ಲಿ ಮುಗಿಯುವ ಓಟದಿಂದ ದೀರ್ಘ ಶ್ರಮದ ಸಾಮರ್ಥ್ಯ ತಿಳಿಯುವುದಿಲ್ಲ.

ಪ್ರತಿಕ್ರಿಯೆ (ಖಾಸಗಿ ಶಾಲೆಯ ತರಬೇತುದಾರರು): ಸುತ್ತುಗಳನ್ನು ಹೋಲಿಸುವುದರಿಂದ ಅನ್ಯಾಯವಾಗುತ್ತದೆ ಎನ್ನುವುದು ಸರಿ. ಆದರೆ ಅದಕ್ಕೆ ಪರಿಹಾರವಿದೆ. ಲೇಜರ್ ಎಂಬ ಸಂಶೋಧಕರು ಮತ್ತು ಸಂಗಡಿಗರು 1988ರಲ್ಲಿ ಕೊಟ್ಟ ಸೂತ್ರದಲ್ಲಿ ವಯಸ್ಸೂ ಸೇರಿದೆ. ಅದರಿಂದ ಗರಿಷ್ಠ ಆಮ್ಲಜನಕ ಬಳಕೆಯನ್ನು ಲೆಕ್ಕ ಹಾಕಿ, ಅಮೆರಿಕದ ಶಾಲಾ ಮಕ್ಕಳ ದೈಹಿಕ ಕ್ಷಮತೆಯ ಪರೀಕ್ಷೆಯಾದ ಫಿಟ್ನೆಸ್‌ಗ್ರಾಮ್‌ನ ಮಿತಿಗಳೊಂದಿಗೆ ಹೋಲಿಸಿ ಶ್ರೇಣಿ ಕೊಡಬಹುದು. S ಎಂದರೆ ಕೊನೆಗೆ ಪೂರ್ಣಗೊಳಿಸಿದ ಹಂತದ ವೇಗ, A ಎಂದರೆ ವಯಸ್ಸು.

```
VO2max = 31.025 + 3.238*S - 3.248*A + 0.1536*S*A
```

ಉಪನ್ಯಾಸಕಿ: ಸೂತ್ರ ಸರಿಯಾಗಿದೆ ಸರ್, ಆದರೆ ಅದು ನ್ಯಾಯ ಒದಗಿಸುತ್ತದೆ ಎನ್ನುವುದು ಅರ್ಧ ಸತ್ಯ. ಒಂದು ಕಾಲ್ಪನಿಕ ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. 13 ವರ್ಷದ ಇಬ್ಬರು ಹುಡುಗರಲ್ಲಿ ಒಬ್ಬ 4ನೇ ಹಂತವನ್ನು, ಅಂದರೆ ಗಂಟೆಗೆ 10 ಕಿಲೋಮೀಟರ್ ವೇಗವನ್ನು, ಮತ್ತೊಬ್ಬ 5ನೇ ಹಂತವನ್ನು, ಅಂದರೆ 10.5ನ್ನು ಪೂರ್ಣಗೊಳಿಸಿದ್ದಾರೆ. ಮೊದಲನೆಯವನಿಗೆ ಸುಮಾರು 41.1, ಎರಡನೆಯವನಿಗೆ 43.8 ಬರುತ್ತದೆ. ಇದು ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂಬ ಲೆಕ್ಕ. ವ್ಯತ್ಯಾಸ 2.7ರ ಆಸುಪಾಸು. ಆದರೆ ಮಕ್ಕಳಲ್ಲಿ ಈ ಸೂತ್ರದ ಅಂದಾಜಿನ ದೋಷವೆಂದು ಅದನ್ನು ರಚಿಸಿದವರೇ ಕೊಟ್ಟಿರುವುದು 5.9. ಅಂದಮೇಲೆ ಇಬ್ಬರಲ್ಲಿ ಯಾರ ಶ್ವಾಸ-ಹೃದಯ ಸಾಮರ್ಥ್ಯ ಹೆಚ್ಚೆಂದು ಈ ಎರಡು ಸಂಖ್ಯೆಗಳಿಂದ ಆಣೆಯಿಟ್ಟು ಹೇಳಲಾಗದು.

ಇನ್ನೊಂದು ವಿಚಿತ್ರವಿದೆ. 5ನೇ ಹಂತ ಮುಗಿಸಿದ ಅದೇ ಹುಡುಗನಿಗೆ ಮುಂದಿನ ವಾರ ಹುಟ್ಟುಹಬ್ಬ ಬಂದು ನೀವು 14 ಎಂದು ಬರೆದರೆ ಫಲಿತಾಂಶ ಸುಮಾರು 42.1ಕ್ಕೆ ಇಳಿಯುತ್ತದೆ. ಫಿಟ್ನೆಸ್‌ಗ್ರಾಮ್ ಮಿತಿ ಹುಡುಗರಿಗೆ 13ರಲ್ಲಿ 41.1 ಇದ್ದು 14ರಲ್ಲಿ 42.5 ಆಗುತ್ತದೆ. ಕಳೆದ ವಾರ ಆರೋಗ್ಯಕರ ವಲಯದಲ್ಲಿದ್ದವನು ಒಂದು ಹೆಜ್ಜೆಯನ್ನೂ ಕಡಿಮೆ ಓಡದೆ ಹೊರಗೆ ಬಿದ್ದ! ಅದಲ್ಲದೆ ಆ ಮಿತಿಗಳನ್ನು ಅವರು ತಮ್ಮದೇ ಲೆಕ್ಕದ ಕ್ರಮದೊಂದಿಗೆ ಬಳಸುತ್ತಾರೆ. ಲೇಜರ್ ಸೂತ್ರದ ಉತ್ತರವನ್ನು ತಂದು ಆ ಮಿತಿಗೆ ಒಡ್ಡುವುದೇ ತಪ್ಪು ಜೋಡಣೆ.

ಹಾಗಾಗಿ ಸುತ್ತುಗಳ ಸಂಖ್ಯೆಯನ್ನು ಹಾಗೆಯೇ ಇಟ್ಟುಕೊಂಡು, ಮಗುವನ್ನು ಅದರ ಹಿಂದಿನ ಸಂಖ್ಯೆಯೊಂದಿಗೆ ಮಾತ್ರ ಹೋಲಿಸುವುದನ್ನು ನಾನು ಸೂಚಿಸುತ್ತೇನೆ. ಅದೇ ಮೈದಾನ, ಅದೇ ಮುದ್ರಣ, ಬೆಳಗಿನ ಅದೇ ಹೊತ್ತು ಇರಲಿ. ಎರಡು ಮೂರು ಸುತ್ತುಗಳ ಏರಿಳಿತವನ್ನು ಲೆಕ್ಕಿಸಬೇಡಿ, ಒಂದಿಡೀ ಹಂತದಷ್ಟು, ಅಂದರೆ ಎಂಟು ಒಂಬತ್ತು ಸುತ್ತುಗಳಷ್ಟು, ಬದಲಾದಾಗ ಗಮನಿಸಿ. ಕಡಿಮೆ ಬಂದ ಕೂಡಲೇ ಸೋಮಾರಿತನವೆಂದು ಬರೆಯುವುದು ಸಲ್ಲದು. ತೂಕ ಹೆಚ್ಚಿರುವ ಮಗು ಪ್ರತಿ ತಿರುವಿನಲ್ಲಿಯೂ ಹೆಚ್ಚಿನ ಭಾರವನ್ನು ನಿಲ್ಲಿಸಿ ಮತ್ತೆ ಎತ್ತಿಕೊಂಡು ಓಡಬೇಕು. ಒಂದೇ ತರಗತಿಯಲ್ಲಿ ಮೀಸೆ ಚಿಗುರಿದವನೂ ಇನ್ನೂ ಎತ್ತರ ಬೆಳೆಯದವನೂ ಇರುತ್ತಾರೆ. ಚೆನ್ನಾಗಿ ಓಡುತ್ತಿದ್ದ ಹುಡುಗಿಯ ಸಂಖ್ಯೆ ಹಠಾತ್ತನೆ ಕುಸಿದು, ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆಂದು ಅವಳು ಹೇಳಿದರೆ, ರಕ್ತಹೀನತೆಯ ತಪಾಸಣೆಗೆ ಕಳುಹಿಸಬೇಕು.

ಪ್ರತಿಕ್ರಿಯೆ (ಪ್ರೌಢಶಾಲೆಯ ಶಿಕ್ಷಕಿ, ಹುಡುಗಿಯರ ತಂಡದ ಉಸ್ತುವಾರಿ): ನಮ್ಮಲ್ಲಿ ಕೆಲವರು ಬರಿಗಾಲಿನಲ್ಲಿ, ಕೆಲವರು ಚಪ್ಪಲಿಯಲ್ಲಿ ಬರುತ್ತಾರೆ. ಚಪ್ಪಲಿ ಹಾಕಿದವರು ತಿರುವಿನಲ್ಲಿ ಜಾರುತ್ತಾರೆ. ಮುಟ್ಟಿನ ದಿನಗಳಲ್ಲಿ ಓಡುವುದಿಲ್ಲವೆನ್ನುವವರನ್ನು ಕಾರಣ ಕೇಳದೆ ಬೇರೆ ದಿನಕ್ಕೆ ಬರೆದುಕೊಳ್ಳುತ್ತೇನೆ.

ಉಪನ್ಯಾಸಕಿ: ಹಾಗೆಯೇ ಮಾಡಬೇಕು ಮೇಡಂ. ಕಾಲಿಗೆ ಏನು ಹಾಕಿದ್ದರೆಂಬುದನ್ನೂ ಚೀಟಿಯ ಮೂಲೆಯಲ್ಲಿ ಬರೆಸಿಡಿ. ಮುಂದಿನ ಬಾರಿ ಹೋಲಿಸುವಾಗ ಅದು ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು ಮೇಡಂ. ಆದರೆ ನಾನು ತುಂಬಬೇಕಾದ ನಮೂನೆಯಲ್ಲಿ ಅಂಕದ ಕಾಲಂ ಇದೆ, ಅದನ್ನು ಖಾಲಿ ಬಿಡುವಂತಿಲ್ಲ.

ತರಬೇತುದಾರರು: ಸೂತ್ರದ ಮಿತಿಯನ್ನು ಒಪ್ಪಿದೆ. ಆದರೂ ಯಾವುದೇ ಬಾಹ್ಯ ಮಾನದಂಡವಿಲ್ಲದಿದ್ದರೆ ನಿಜವಾಗಿಯೂ ಹಿಂದುಳಿದ ಮಗುವನ್ನು ಗುರುತಿಸುವುದು ಹೇಗೆ ಎಂಬ ನನ್ನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಉಪನ್ಯಾಸಕಿ: ಸರ್, ಮಾನದಂಡವನ್ನು ಒಬ್ಬ ಮಗುವಿನ ಮೇಲೆ ಗಮನವಿಡಲು ಬಳಸಿ, ಅಂಕ ಕತ್ತರಿಸಲು ಬೇಡ ಎಂಬಷ್ಟೇ ನನ್ನ ನಿಲುವು. ಆ ಕಾಲಂಗೆ ಬೀಪ್‌ನ ಗತಿಗೆ ಹೊಂದಿಕೊಂಡು ಓಡಿದ್ದು, ಎಣಿಕೆಗಾರನ ಕೆಲಸವನ್ನು ತಪ್ಪಿಲ್ಲದೆ ಮಾಡಿದ್ದು, ತನ್ನದೇ ಹಿಂದಿನ ಸಂಖ್ಯೆಯನ್ನು ಉಳಿಸಿಕೊಂಡದ್ದು ಎಂಬ ಮೂರರಿಂದ 10 ಅಂಕಗಳನ್ನು ಹೊಂದಿಸಬಹುದು. ನಿಮ್ಮ ಮೇಲಿನವರು ಅದನ್ನು ಒಪ್ಪುತ್ತಾರೆಯೇ ಎಂಬುದನ್ನು ಮೊದಲೇ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ.