ಲಿಮಿಟಿಂಗ್ ರಿಯೇಜೆಂಟ್ ಲೆಕ್ಕ: ಹಂತ ಹಂತವಾಗಿ ಐದು ಅಂಕ ಹಂಚುವುದು ಹೇಗೆ?

ಪ್ರಶ್ನೆ, ಹನ್ನೊಂದನೇ ತರಗತಿಯ ಶಿಕ್ಷಕರಿಂದ:
ಕಿರುಪರೀಕ್ಷೆಯಲ್ಲಿ ಈ ಲೆಕ್ಕ ಕೊಟ್ಟಿದ್ದೆ. 5.40 ಗ್ರಾಂ ಅಲ್ಯೂಮಿನಿಯಂ, 14.2 ಗ್ರಾಂ ಕ್ಲೋರಿನ್ ಜೊತೆ ವರ್ತಿಸಿ 13.5 ಗ್ರಾಂ ಅಲ್ಯೂಮಿನಿಯಂ ಕ್ಲೋರೈಡ್ ಸಿಕ್ಕಿದೆ. ಲಿಮಿಟಿಂಗ್ ರಿಯೇಜೆಂಟ್ ಯಾವುದು, ಶೇಕಡಾ ಇಳುವರಿ ಎಷ್ಟು? Al = 27.0, Cl = 35.5. ಮಕ್ಕಳಿಂದ 75.8, 76.0, 77.8, 50.6 ಅಂತ ನಾಲ್ಕು ತರಹದ ಉತ್ತರ ಬಂದಿವೆ. ಐದರಲ್ಲಿ ಯಾರಿಗೆ ಎಷ್ಟು ಕೊಡಲಿ?

ರಸಾಯನಶಾಸ್ತ್ರ ಉಪನ್ಯಾಸಕಿ, ಮೌಲ್ಯಮಾಪನದ ಅನುಭವ ಇರುವವರು:
ಸರ್, ಮೊದಲು ಕೀ ಉತ್ತರ ಸರಿ ಮಾಡಿಕೊಳ್ಳೋಣ, ಅಂಕ ಆಮೇಲೆ.

2Al + 3Cl₂ → 2AlCl₃

ಅಲ್ಯೂಮಿನಿಯಂ 5.40 ÷ 27.0 = 0.200 ಮೋಲ್. ಕ್ಲೋರಿನ್ 14.2 ÷ 71.0 = 0.200 ಮೋಲ್. ಇಷ್ಟೂ ಅಲ್ಯೂಮಿನಿಯಂ ಮುಗಿಯಬೇಕಾದರೆ 0.300 ಮೋಲ್ ಕ್ಲೋರಿನ್ ಬೇಕಿತ್ತು, ಇರುವುದು 0.200 ಮಾತ್ರ. ಹಾಗಾಗಿ ಮೊದಲು ಮುಗಿಯುವುದು ಕ್ಲೋರಿನ್. ಮೂರು ಮೋಲ್ ಕ್ಲೋರಿನ್‌ಗೆ ಎರಡು ಮೋಲ್ ಕ್ಲೋರೈಡ್ ಬರುತ್ತದೆ, ಅಂದರೆ 0.200 × 2/3 = 0.1333 ಮೋಲ್. ಅದನ್ನು 133.5ರಿಂದ ಗುಣಿಸಿದರೆ 17.8 ಗ್ರಾಂ. ಇಳುವರಿ 13.5 ÷ 17.8 × 100 = 75.8%.

ಕೀ ಉತ್ತರವನ್ನು ಇಷ್ಟಕ್ಕೇ ಬಿಡಬೇಡಿ, ದ್ರವ್ಯರಾಶಿ ಕೂಡಿ ನೋಡಿ. ಪೂರ್ತಿ ವರ್ತಿಸಿದರೆ ಉಳಿಯುವ ಅಲ್ಯೂಮಿನಿಯಂ 0.0667 ಮೋಲ್, 1.8 ಗ್ರಾಂ. 17.8 + 1.8 = 19.6. ಹಾಕಿದ್ದು 5.40 + 14.2, ಅದೂ 19.6. ಲೆಕ್ಕ ತಾಳೆಯಾಯಿತು.

ಅಂಕಗಳನ್ನು ನಾನು ಹೀಗೆ ಹಂಚುತ್ತೇನೆ: ಸರಿದೂಗಿಸಿದ ಸಮೀಕರಣಕ್ಕೆ ಒಂದು, ಎರಡರ ಮೋಲ್‌ಗಳಿಗೆ ಒಂದು, ಕಾರಣ ಸಮೇತ ಲಿಮಿಟಿಂಗ್ ಗುರುತಿಸಿದ್ದಕ್ಕೆ ಒಂದು, 17.8 ಗ್ರಾಂಗೆ ಒಂದು, ಶೇಕಡಾವಾರಿಗೆ ಒಂದು. ಮೂರನೆಯ ಅಂಕದಲ್ಲಿ ಬಿಗಿಯಾಗಿರಿ. ಬರೀ "ಕ್ಲೋರಿನ್ ಲಿಮಿಟಿಂಗ್" ಅಂತ ಬರೆದು ಹೋಲಿಕೆ ತೋರಿಸದಿದ್ದರೆ ಅರ್ಧ ಅಂಕವೇ ಸಾಕು. ಇರುವುದೇ ಎರಡು ಪದಾರ್ಥ, ಊಹೆ ಮಾಡಿದರೂ ಅರ್ಧ ಪಾಲು ಸರಿಯಾಗುತ್ತದೆ.

ವಿದ್ಯಾರ್ಥಿ:
ಮೇಡಂ, ಇನ್ನೂ ಸುಲಭದ ದಾರಿ ಇದೆ. ಮೋಲ್‌ಗಳನ್ನು ಸಮೀಕರಣದ ಸಂಖ್ಯೆಯಿಂದ ಭಾಗಿಸಿದರೆ ಆಯ್ತು. Al 0.100, Cl₂ 0.0667. ಚಿಕ್ಕದು ಕ್ಲೋರಿನ್, ಅದೇ ಲಿಮಿಟಿಂಗ್. ಕ್ಲೋರೈಡ್ 0.0667 × 133.5 = 8.9 ಗ್ರಾಂ.

ಉಪನ್ಯಾಸಕಿ:
ಲಿಮಿಟಿಂಗ್ ಕಂಡುಹಿಡಿಯೋಕೆ ನಿನ್ನ ದಾರಿ ಪೂರ್ತಿ ಸರಿ ಕಣಪ್ಪಾ, ಆ ಅಂಕ ನಿನಗೆ ಸಿಗುತ್ತೆ. ಆದರೆ 0.0667 ಅನ್ನೋದು ಕ್ಲೋರೈಡಿನ ಮೋಲ್ ಅಲ್ಲ. ಸಮೀಕರಣದಲ್ಲಿ AlCl₃ ಮುಂದೆ 2 ಇದೆ, ಅದರಿಂದ ಗುಣಿಸೋದನ್ನು ಬಿಟ್ಟಿದ್ದೀಯ. ಗುಣಿಸಿದರೆ 0.1333, ಅಲ್ಲಿಂದ 17.8. ಮುಂದಿನ ಸಾಲು ಬರೆದಿದ್ದರೆ ನಿನಗೇ ಗೊತ್ತಾಗುತ್ತಿತ್ತು: 13.5 ÷ 8.9 ಅಂದರೆ 152% ಇಳುವರಿ. ಕಾಗದದ ಲೆಕ್ಕದಲ್ಲಿ ನೂರು ದಾಟಿದರೆ ಹಿಂದೆ ಹೋಗಿ ಹುಡುಕು, ತಪ್ಪು ಇದ್ದೇ ಇರುತ್ತೆ.

ಲ್ಯಾಬ್ ನೋಡಿಕೊಳ್ಳುವವರು:
ನೂರು ದಾಟಬಾರದು ಅಂತ ಹೇಗೆ ಹೇಳ್ತೀರಿ? ನಮ್ಮ ಮಕ್ಕಳು 2.00 ಗ್ರಾಂ ಕಾಪರ್ ಆಕ್ಸೈಡನ್ನು ಸಾಕಷ್ಟು ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ ನೀಲಿ ಹರಳು ತೆಗೆದರು. ತೂಗಿದರೆ 6.9 ಗ್ರಾಂ. ಲೆಕ್ಕದ ಪ್ರಕಾರ ಬರಬೇಕಾದದ್ದು 6.28. ಅಂದರೆ 110%!

ಉಪನ್ಯಾಸಕಿ:
ನಿಮ್ಮ 6.28 ಸರಿಯಾಗಿದೆ, CuSO₄·5H₂O ಅಂತಲೇ ತಗೊಂಡಿದ್ದೀರಿ. ಮೊದಲ ಅನುಮಾನ ಹರಳಿಗೆ ಅಂಟಿದ ನೀರಿನ ಮೇಲೆ. ಫಿಲ್ಟರ್ ಕಾಗದದ ನಡುವೆ ಒತ್ತಿ, ಗಾಳಿಗೆ ಆರಲು ಬಿಟ್ಟು, ತೂಕ ಬದಲಾಗದೆ ನಿಲ್ಲುವವರೆಗೂ ಮತ್ತೆ ಮತ್ತೆ ತೂಗಿ ನೋಡಿ. ಬೇಗ ಒಣಗಲಿ ಅಂತ ಬಿಸಿ ಮಾಡಿಸಬೇಡಿ, ಹರಳಿನೊಳಗಿನ ನೀರೂ ಹೊರಟು ಬಣ್ಣ ಬಿಳಿಚುತ್ತದೆ, ಆಗ ತೂಕ ಇನ್ನೊಂದು ಕಡೆಗೆ ತಪ್ಪುತ್ತದೆ. ಆದರೆ ಸರ್ ಕೇಳಿರುವುದು ಅಂಕದ ವಿಷಯ, ಅಲ್ಲಿಗೆ ಬರ್ತೀನಿ.

75.8 ಮತ್ತು 76.0, ಎರಡಕ್ಕೂ ಐದಕ್ಕೆ ಐದು. 76.0 ಬಂದವರು 0.1333ರ ಬದಲು 0.133 ತಗೊಂಡಿದ್ದಾರೆ, ಅಷ್ಟೇ. 77.8 ಬಂದವರು 0.13ಕ್ಕೇ ಇಳಿಸಿಬಿಟ್ಟಿದ್ದಾರೆ. ದತ್ತಾಂಶ ಮೂರು ಅಂಕಿಗಳಲ್ಲಿ ಇರುವಾಗ ಮಧ್ಯದಲ್ಲಿ ಎರಡಕ್ಕೆ ಇಳಿಸುವುದು ತಪ್ಪು, ಅರ್ಧ ಅಂಕ ಕಳೆಯಿರಿ. ಒಂದೇ ಸಲ ಕಳೆಯಿರಿ. ಗ್ರಾಂ ಬರೆದ ಸಾಲಿನಲ್ಲಿ ಕಳೆದಿದ್ದರೆ ಶೇಕಡಾ ಸಾಲಿನಲ್ಲಿ ಮತ್ತೆ ಮುಟ್ಟಬೇಡಿ.

50.6 ಬಂದವರು ಅಲ್ಯೂಮಿನಿಯಂ ಲಿಮಿಟಿಂಗ್ ಅಂದುಕೊಂಡಿದ್ದಾರೆ. ಗ್ರಾಂನಲ್ಲಿ ಅದು ಕಡಿಮೆ ಕಾಣುತ್ತದಲ್ಲ. 0.200 × 133.5 = 26.7 ಗ್ರಾಂ, 13.5 ÷ 26.7 = 50.6%. ಸಮೀಕರಣ, ಮೋಲ್ ಸರಿಯಿದ್ದರೆ ಆ ಎರಡು ಅಂಕ ಕೊಡಿ, ಮೂರನೆಯದು ಇಲ್ಲ. ಮುಂದಿನ ಎರಡು ಸಾಲು ಅವರ ತಪ್ಪಿನಿಂದಲೇ ಹೊರಟರೂ ವಿಧಾನ ಸರಿಯಿದೆ, ಅವೂ ಕೊಡಿ. ಒಟ್ಟು ನಾಲ್ಕು.

ಟ್ಯೂಷನ್ ಮೇಷ್ಟ್ರು:
ನಾಲ್ಕು ಜಾಸ್ತಿ ಆಯ್ತು ಮೇಡಂ. ಪ್ರಶ್ನೆ ಕೇಳಿದ್ದೇ ಲಿಮಿಟಿಂಗ್ ಯಾವುದು ಅಂತ, ಅದೇ ತಪ್ಪು. ಜೊತೆಗೆ, ಹಾಕಿದ್ದೇ 19.6 ಗ್ರಾಂ ಇರುವಾಗ 26.7 ಗ್ರಾಂ ಎಲ್ಲಿಂದ ಬರಬೇಕು? ಅದನ್ನು ಗಮನಿಸದೆ ಬರೆದವರಿಗೆ ನಾನು ಮೂರೇ ಕೊಡೋದು.

ಉಪನ್ಯಾಸಕಿ:
26.7ರ ವಿಷಯದಲ್ಲಿ ನಿಮ್ಮ ಮಾತು ನ್ಯಾಯವಾಗಿದೆ ಸರ್. ಆದರೂ ಕೀಯಲ್ಲಿ ಮೊದಲೇ ಬರೆಯದ ಕಾರಣಕ್ಕೆ ಅಂಕ ಕಳೆಯೋದಕ್ಕೆ ನನಗೆ ಮನಸ್ಸು ಬರಲ್ಲ. ಅದನ್ನು ಪರೀಕ್ಷಿಸಲೇಬೇಕು ಅಂದರೆ ಪ್ರಶ್ನೆಯಲ್ಲೇ "ಉಳಿದದ್ದು ಯಾವುದು, ಎಷ್ಟು ಗ್ರಾಂ?" ಅಂತ ಸೇರಿಸಿ. ಅಲ್ಯೂಮಿನಿಯಂ ಹಿಡಿದು ಹೋದವರಿಗೆ ಕ್ಲೋರಿನ್ 0.200 − 0.300 ಆಗಿ ಋಣ ಸಂಖ್ಯೆ ಬರುತ್ತದೆ, ತಪ್ಪು ಅವರ ಕಣ್ಣಿಗೇ ಬೀಳುತ್ತದೆ.

ಈ ಪ್ರಶ್ನೆಯಲ್ಲೇ ಇನ್ನೊಂದು ತೊಡಕಿದೆ. ಸಮೀಕರಣ ಸರಿದೂಗಿಸದೆ ಒಂದಕ್ಕೊಂದು ಅಂತ ತಗೊಂಡವರಿಗೆ ಎರಡೂ ಸರಿಯಾಗಿ ಮುಗಿದು ಅವರಿಗೂ 26.7 ಗ್ರಾಂ, 50.6 ಬರುತ್ತದೆ. ಕೊನೆಯ ಸಂಖ್ಯೆ ನೋಡಿ ಯಾವ ತಪ್ಪು ಅಂತ ಹೇಳಲಾಗದು, ಹಾಗಾಗಿ 50.6 ಇರುವ ಪ್ರತಿ ಉತ್ತರವನ್ನೂ ಮೊದಲ ಸಾಲಿನಿಂದ ಓದಬೇಕು.

ಮುಂದಿನ ಸಲಕ್ಕೆ ಅಲ್ಯೂಮಿನಿಯಂ ಅಷ್ಟೇ ಇಟ್ಟು ಕ್ಲೋರಿನ್ 17.04 ಗ್ರಾಂ, ಸಿಕ್ಕಿದ್ದು 16.02 ಗ್ರಾಂ ಅಂತ ಮಾಡಿ. ಕ್ಲೋರಿನ್ 0.240 ಮೋಲ್, ಕ್ಲೋರೈಡ್ 0.160 ಮೋಲ್, 21.36 ಗ್ರಾಂ, ಇಳುವರಿ 75.0%. ಉಳಿಯುವ ಅಲ್ಯೂಮಿನಿಯಂ 1.08 ಗ್ರಾಂ. 21.36 + 1.08 = 22.44, ಹಾಕಿದ್ದೂ ಅಷ್ಟೇ. 0.1333ರ ಜಗಳವೇ ಇರಲ್ಲ. ತಪ್ಪಾಗಿ ಅಲ್ಯೂಮಿನಿಯಂ ಹಿಡಿದರೆ 60.0% ಬರುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯ್ತು ಮೇಡಂ. 50.6 ಬರೆದವರ ಉತ್ತರಗಳನ್ನು ಮತ್ತೆ ತೆಗೆದು ನೋಡಿದೆ, ನಿಜಕ್ಕೂ ಎರಡು ಗುಂಪು ಇವೆ. ಸರಿದೂಗಿಸದವರಿಗೆ ಸಮೀಕರಣದ ಅಂಕ ಹೋಯ್ತು. ಆದರೆ ಅವರಲ್ಲಿ ಕೆಲವರು "ಎರಡೂ ಸಮ ಇವೆ, ಲಿಮಿಟಿಂಗ್ ಯಾವುದೂ ಇಲ್ಲ" ಅಂತ ಹೋಲಿಕೆ ತೋರಿಸಿಯೇ ಬರೆದಿದ್ದಾರೆ. ಅವರ ಸಮೀಕರಣದ ಪ್ರಕಾರ ಅದು ಸರಿ. ಮೂರನೆಯ ಅಂಕ ಕೊಡಬೇಕೇ?

ಉಪನ್ಯಾಸಕಿ:
ನಾನಾದರೆ ಅರ್ಧ ಕೊಡ್ತೀನಿ.

ಟ್ಯೂಷನ್ ಮೇಷ್ಟ್ರು:
ನಾನು ಕೊಡಲ್ಲ. ಆಮೇಲೆ, ಮೋಲ್ ಸಮ ಇರುವ ಹಳೆಯ ಪ್ರಶ್ನೆಯನ್ನು ಬದಲಿಸಲೂಬೇಡಿ ಸರ್. ಮೋಲ್ ಸಮ ಇದ್ದರೂ ಒಂದು ಮೊದಲು ಮುಗಿಯುತ್ತದೆ ಅನ್ನೋದು ಗೊತ್ತಿದೆಯೋ ಇಲ್ಲವೋ ಅಂತ ಆ ಸಂಖ್ಯೆಗಳೇ ಹೇಳುತ್ತವೆ.