ಅಪ್‌ಡೇಟ್: ಜರ್ಮನಿಗೆ ಕಳಿಸುವ ಮೇಲ್‌ನಲ್ಲಿ ಕೋಟಿ ಲೆಕ್ಕ

ನಾನು ಕೇಳಿದ್ದು: "ತೀರ್ಥಹಳ್ಳಿಯಲ್ಲಿ ನಮ್ಮದು ಹಾಳೆತಟ್ಟೆ ಘಟಕ. ವಹಿವಾಟು 2.75 ಕೋಟಿ ರೂಪಾಯಿ. ಜರ್ಮನಿಯ ಖರೀದಿದಾರರಿಗೆ ಇಂಗ್ಲಿಷಿನಲ್ಲಿ ಹೇಗೆ ಬರೆಯಲಿ?"

ಕೆಲಸಕ್ಕೆ ಬಂದಿದ್ದು ಒಬ್ಬರು ಹೇಳಿದ ಸುಲಭ ಸೂತ್ರ. ಕೋಟಿಯನ್ನು ಹತ್ತರಿಂದ ಗುಣಿಸಿ, ಲಕ್ಷವನ್ನು ಹತ್ತರಿಂದ ಭಾಗಿಸಿ, ಎರಡೂ ಮಿಲಿಯನ್ ಆಗುತ್ತೆ. ಹಾಗಾಗಿ `INR 27.5 million` ಎಂದು ಬರೆದೆ. ನಮ್ಮ 40 ಲಕ್ಷದ ಯಂತ್ರ `INR 4 million` ಆಯಿತು.

ನೇರ ಯೂರೋಗೆ ಬದಲಿಸುವ ಸಲಹೆ ಹೊಂದಲಿಲ್ಲ. ದರ ದಿನಾ ಬದಲಾಗುತ್ತೆ, ಆಮೇಲೆ ಲೆಕ್ಕಪತ್ರಕ್ಕೆ ತಾಳೆಯಾಗಲ್ಲ.

ಅಲ್ಪವಿರಾಮಕ್ಕೂ ಗಮನ ಬೇಕು. ನಮ್ಮ `2,75,00,000` ಅವರಿಗೆ ತಪ್ಪು ಟೈಪಾದ ಹಾಗೆ ಕಾಣುತ್ತೆ. `27,500,000` ಸರಿ.

ಗೊತ್ತೇ ಇರದಿದ್ದ ಒಂದು ವಿಷಯ: ಇಂಗ್ಲಿಷಿನ ಬಿಲಿಯನ್ ಅಂದರೆ ನೂರು ಕೋಟಿ, ಆದರೆ ಜರ್ಮನ್‌ನಲ್ಲಿ ಲಕ್ಷ ಕೋಟಿ! ನಮ್ಮಂಥ ಸಣ್ಣ ಘಟಕಕ್ಕೆ ಆ ಚಿಂತೆ ಇಲ್ಲ ಬಿಡಿ. ದೊಡ್ಡ ಮೊತ್ತದವರು ಪಕ್ಕದಲ್ಲಿ ಪೂರ್ತಿ ಅಂಕಿಯನ್ನೂ ಹಾಕಿ.